ಮೂಗು ಕೊಡುವ ತೀರ್ಪು

ಚೌಳಹಿರಿಯೂರಿನಿಂದ ಕಡೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಾಲೇಜಿನ ಹುಡುಗ ಹುಡುಗಿಯರು, ಕುರಿ ವ್ಯಾಪಾರಕ್ಕೆ ಹೊರಟವರು, ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೆಲಸ ಇರುವವರು ಒಬ್ಬರಿಗೊಬ್ಬರು ಅಂಟಿಕೊಂಡೇ ನಿಂತಿರುತ್ತಾರೆ. ಇಂಥ ಕಡೆ ಮನುಷ್ಯ ಮನುಷ್ಯನನ್ನು ಅಳೆಯುವುದು ಮಾತಿನಿಂದಲ್ಲ. ಯಾರ ಪಕ್ಕ ಕೂರಬಹುದು, ಯಾರಿಂದ ಸ್ವಲ್ಪ ಸರಿದು ನಿಲ್ಲಬೇಕು ಎಂಬುದನ್ನು ಕಣ್ಣು ಮತ್ತು ಮೂಗು ಸೇರಿ ಒಂದೆರಡು ಕ್ಷಣದಲ್ಲಿ ತೀರ್ಮಾನಿಸಿಬಿಡುತ್ತವೆ. ಬಾಚಿದ ತಲೆ, ಕತ್ತರಿಸಿದ ಉಗುರು, ಇಸ್ತ್ರಿಯ ಅಂಗಿ, ಕಂಕುಳಿನ ನಾತ, ಬಾಯಿಯ ವಾಸನೆ ಇವೆಲ್ಲ ಎದುರಿನವರ ಮನಸ್ಸಿನಲ್ಲಿ ಒಂದು ಲೆಕ್ಕ ಬರೆಯುತ್ತವೆ. ಆ ಲೆಕ್ಕವನ್ನು ಯಾರೂ ಓದಿ ಹೇಳುವುದಿಲ್ಲ. ಉಳಿದ ತೀರ್ಪುಗಳಿಗಿಂತ ಇದು ಬೇರೆಯಾಗುವುದು ಇಲ್ಲಿಯೇ. ಇಂಗ್ಲಿಷ್ ಸರಿಯಿಲ್ಲ ಎಂದು ಕೆಲಸ ಸಿಗದವನಿಗೆ ಕಾರಣ ತಿಳಿಯುತ್ತದೆ, ಅವನು ಕಲಿಯಬಹುದು. ಅಂಗಿಯ ನಾತದಿಂದ ಕೆಲಸ ಸಿಗದವನಿಗೆ ಕಾರಣ ಎಂದೂ ತಿಳಿಯುವುದಿಲ್ಲ. ಮೂಗಿನ ಈ ತೀರ್ಪು ವ್ಯಕ್ತಿಯ ಸ್ವಭಾವದ ಬಗ್ಗೆ ಹೇಳುವುದು ಬಹಳ ಕಡಿಮೆ, ಅವನ ಊರಿನ ನೀರು, ಮೈಮೇಲಿನ ಬಟ್ಟೆ, ಮಾಡುವ ಕೆಲಸದ ಬಗ್ಗೆ ಹೇಳುವುದೇ ಹೆಚ್ಚು ಎಂಬುದು ಈ ಲೇಖನದ ವಾದ. ಹಾಗಿದ್ದೂ ನಾವು ಅದನ್ನು ಸ್ವಭಾವದ ಪತ್ತೆಯೆಂದೇ ನಂಬಿ ನಡೆದುಕೊಳ್ಳುತ್ತೇವೆ.

ಈ ಲೆಕ್ಕಕ್ಕೆ ಬೆಲೆ ಇಲ್ಲವೆಂದು ಯಾರೂ ತಿಳಿಯಬಾರದು. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜಾಕ್ಲಿನ್ ವಾಂಗ್ ಮತ್ತು ಆಂಡ್ರೂ ಪೆನ್ನರ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ನೋಡಲು ಚೆನ್ನಾಗಿರುವವರ ಸಂಪಾದನೆ ಉಳಿದವರಿಗಿಂತ ಹೆಚ್ಚು ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಇವರು ಹುಟ್ಟಿನಿಂದ ಬಂದ ರೂಪವನ್ನೂ ತಿದ್ದಿ ತೀಡಿ ಅಚ್ಚುಕಟ್ಟಾಗಿರುವುದನ್ನೂ ಬೇರೆ ಮಾಡಿ ನೋಡಿದರು. ಹೆಂಗಸರ ವಿಷಯದಲ್ಲಿ ಆ ಹೆಚ್ಚುವರಿ ಸಂಪಾದನೆ ಬಹುತೇಕ ಪೂರ್ತಿಯಾಗಿ, ಗಂಡಸರಲ್ಲಿ ಸುಮಾರು ಅರ್ಧದಷ್ಟು, ರೂಪದಿಂದಲ್ಲದೆ ಅಚ್ಚುಕಟ್ಟಿನಿಂದ ಬಂದದ್ದಾಗಿತ್ತು. ಮೊದಲ ನೋಟಕ್ಕೆ ಇದು ಸಮಾಧಾನದ ಮಾತು. ರೂಪ ನಮ್ಮ ಕೈಯಲ್ಲಿಲ್ಲ, ಅಚ್ಚುಕಟ್ಟು ಇದೆ. ಆದರೆ ಅಚ್ಚುಕಟ್ಟಿಗೆ ನೀರು ಬೇಕು, ಸಮಯ ಬೇಕು, ಎರಡನೆಯ ಜೊತೆ ಬಟ್ಟೆ ಬೇಕು, ಎದುರಿನವರು ಯಾವುದನ್ನು ಅಚ್ಚುಕಟ್ಟೆಂದು ಎಣಿಸುತ್ತಾರೆ ಎಂಬ ತಿಳಿವಳಿಕೆಯೂ ಬೇಕು. ಕಡೂರು ಸೀಮೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ನೀಟಾಗಿ ಬಾಚಿದ ತಲೆ ಮಗುವನ್ನು ಮುತುವರ್ಜಿಯಿಂದ ಬೆಳೆಸಿದ್ದಾರೆ ಎಂಬುದರ ಗುರುತು. ಅದೇ ತಲೆ ಬೆಂಗಳೂರಿನ ಕಂಪನಿಯೊಂದರ ಸಂದರ್ಶನದ ಕೋಣೆಯಲ್ಲಿ ಹಳ್ಳಿತನದ ಗುರುತಾಗುತ್ತದೆ. ಎಣ್ಣೆ ಅದೇ, ಶ್ರದ್ಧೆಯೂ ಅದೇ, ಓದುವವರು ಮಾತ್ರ ಬೇರೆ.

ಈಗ ವಾಸನೆಗೆ ಬರೋಣ. ಬೆವರಿಗೆ ತನ್ನದೇ ನಾತ ಇಲ್ಲ ಎಂಬುದು ಬಹಳ ಜನಕ್ಕೆ ತಿಳಿಯದ ಸಂಗತಿ. ಬಿಸಿಲಲ್ಲಿ ದುಡಿಯುವಾಗ ಹಣೆ ಬೆನ್ನುಗಳಲ್ಲಿ ಸುರಿಯುವುದು ನೀರು ಮತ್ತು ಉಪ್ಪು, ಅದು ಮೈಯನ್ನು ತಂಪಾಗಿಡುವುದಕ್ಕೆ. ನಾತದ ಮೂಲ ಇನ್ನೊಂದು ಬಗೆಯ ಗ್ರಂಥಿ. ಅದು ಮುಖ್ಯವಾಗಿ ಕಂಕುಳಲ್ಲಿ ಮತ್ತು ತೊಡೆಸಂದಿಯಲ್ಲಿದ್ದು, ಹರೆಯಕ್ಕೆ ಬಂದ ಮೇಲಷ್ಟೇ ಚುರುಕಾಗುತ್ತದೆ. ಅದು ಸ್ರವಿಸುವ ಕೊಂಚ ಜಿಡ್ಡಾದ ದ್ರವವೂ ಹೊರಬಂದಾಗ ವಾಸನೆಯಿಲ್ಲದ್ದೇ. ಚರ್ಮದ ಮೇಲೆ ಸದಾ ಬದುಕಿರುವ ಕೋರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಎಂಬ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಕೊಬ್ಬಿನಾಮ್ಲಗಳೂ ಗಂಧಕ ಬೆರೆತ ಸಂಯುಕ್ತಗಳೂ ಹುಟ್ಟುತ್ತವೆ. ಹಳ್ಳಿಯಲ್ಲಿ ಕಮಟು ಎನ್ನುವುದು, ಈರುಳ್ಳಿಯಂಥ ಘಾಟು ಎನ್ನುವುದು ಇವುಗಳನ್ನೇ. ಯಾರಲ್ಲಿ ಎಷ್ಟು ಎಂಬುದು ಹುಟ್ಟಿನಿಂದಲೂ ಬರುತ್ತದೆ. ಎಬಿಸಿಸಿ11 ಎಂಬ ಒಂದೇ ಜೀನಿನ ರೂಪಭೇದದಿಂದ ಕಿವಿಯ ಗುಗ್ಗೆ ಅಂಟಂಟಾಗಿರುವ ಬದಲು ಒಣಗಿ ಉದುರುವಂತಿರುತ್ತದೆ, ಕಂಕುಳಿನ ನಾತವೂ ಬಹುತೇಕ ಇಲ್ಲದಂತಾಗುತ್ತದೆ. ಜಪಾನಿನ ಸಂಶೋಧಕರು 2006ರಲ್ಲಿ ಗುಗ್ಗೆಯ ವ್ಯತ್ಯಾಸಕ್ಕೆ ಈ ಜೀನೇ ಕಾರಣವೆಂದು ಕಂಡುಹಿಡಿದರು. ಕೊರಿಯಾದಲ್ಲಿ ಬಹುಪಾಲು ಎಲ್ಲರೂ ಈ ಗುಂಪಿನವರು. ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಒಂದೇ ಸೋಪಿನಲ್ಲಿ, ಒಂದೇ ಬಕೆಟ್ ನೀರಿನಲ್ಲಿ ಸ್ನಾನ ಮಾಡಿ ಬಂದರೂ ಮಧ್ಯಾಹ್ನದ ಹೊತ್ತಿಗೆ ಒಬ್ಬನಿಗೆ ನಾತ, ಇನ್ನೊಬ್ಬನಿಗಿಲ್ಲ ಎಂದಾಗಬಹುದು. ಇದರಲ್ಲಿ ಶಿಸ್ತಿನ ಪ್ರಶ್ನೆಯೇ ಇಲ್ಲ.

ಹುಟ್ಟಿನ ಪಾಲಿಗಿಂತ ದೊಡ್ಡದು ನೀರು ಮತ್ತು ಬಟ್ಟೆಯ ಪಾಲು. ಚೌಳಹಿರಿಯೂರು ಇರುವುದು ಚಿಕ್ಕಮಗಳೂರು ಜಿಲ್ಲೆಯ ಬಯಲು ಸೀಮೆಯಲ್ಲಿ. ಅದೇ ಜಿಲ್ಲೆಯ ಶೃಂಗೇರಿಯಲ್ಲಿ ಬೀಳುವ ಮಳೆಯ ಮೂರನೇ ಒಂದು ಪಾಲೂ ಇಲ್ಲಿ ಬೀಳುವುದಿಲ್ಲ. ಕೆರೆ ಬತ್ತಿದರೆ ಕೊಳವೆಬಾವಿ, ಅದೂ ಕೈಕೊಟ್ಟರೆ ಟ್ಯಾಂಕರ್. ಆಳದಿಂದ ಬರುವ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಹೆಚ್ಚು, ಸೋಪು ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು ಉಜ್ಜಿದರೆ ಅದು ಲವಣಗಳೊಂದಿಗೆ ಸೇರಿ ಕರಗದ ಬಿಳಿ ಕಿಟ್ಟವಾಗಿ ಬಟ್ಟೆಯ ಎಳೆಗಳಲ್ಲಿ ಕೂರುತ್ತದೆ. ಬಕೆಟ್ಟಿನ ಒಳಗೋಡೆಗೆ ಕಟ್ಟುವ ಜಿಡ್ಡಿನ ಗೆರೆ ಅದೇ ಕಿಟ್ಟ. ಕಂಕುಳಿನ ಭಾಗದಲ್ಲಿ ಈ ಕಿಟ್ಟದ ಜೊತೆಗೆ ಮೈಯ ಜಿಡ್ಡೂ ಸೂಕ್ಷ್ಮಜೀವಿಗಳೂ ಉಳಿದುಕೊಳ್ಳುತ್ತವೆ. ಇದರ ಮೇಲೆ ಬಟ್ಟೆಯ ಜಾತಿಯೂ ಸೇರುತ್ತದೆ. ಕಡಿಮೆ ಬೆಲೆಗೆ ಸಿಗುವ, ಇಸ್ತ್ರಿ ಬೇಡದ, ಬೇಗ ಒಣಗುವ ಅಂಗಿಗಳು ಬಹುತೇಕ ಪಾಲಿಯೆಸ್ಟರ್. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ವ್ಯಾಯಾಮ ಮಾಡಿದವರ ಅಂಗಿಗಳನ್ನು ಹೋಲಿಸಿದಾಗ ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರಿತು, ನಾತ ಹುಟ್ಟಿಸುವ ಮೈಕ್ರೊಕಾಕಸ್ ಸೂಕ್ಷ್ಮಜೀವಿಗಳು ಅದರ ಮೇಲೆ ಹುಲುಸಾಗಿ ಬೆಳೆದಿದ್ದವು. ಪಾಲಿಯೆಸ್ಟರ್ ನೀರನ್ನು ಹೀರುವುದಿಲ್ಲ, ಜಿಡ್ಡನ್ನು ಹಿಡಿದಿಡುತ್ತದೆ. ಬಡವನ ಅಂಗಿ ಹೆಚ್ಚು ನಾರುವುದಕ್ಕೆ ಅವನ ಸೋಮಾರಿತನ ಕಾರಣವಲ್ಲ, ಅಂಗಿಯ ಎಳೆ ಕಾರಣ.

ಒಂದು ಸಾಮಾನ್ಯ ಸಂದರ್ಭವನ್ನು ತೆಗೆದುಕೊಂಡು ಹಂತ ಹಂತವಾಗಿ ನೋಡೋಣ. ಡಿಗ್ರಿ ಮುಗಿಸಿದ ಈ ಸೀಮೆಯ ಹುಡುಗನೊಬ್ಬ ಜುಲೈ ತಿಂಗಳಲ್ಲಿ ಸಂದರ್ಶನಕ್ಕೆಂದು ಬೆಂಗಳೂರಿಗೆ ಹೊರಡುತ್ತಾನೆ ಎನ್ನೋಣ. ಇರುವ ಒಂದು ಒಳ್ಳೆಯ ಅಂಗಿಯನ್ನು ಹಿಂದಿನ ದಿನ ಒಗೆದಿದ್ದಾರೆ. ಸೋನೆ ಹಿಡಿದದ್ದರಿಂದ ಅದು ನಡುಮನೆಯ ಹಗ್ಗದ ಮೇಲೆ ರಾತ್ರಿಯೆಲ್ಲ ಅರೆ ಒದ್ದೆಯಾಗಿಯೇ ಇತ್ತು. ಬೆಳಗಿನ ಜಾವ ಹಂಡೆಯ ಬಿಸಿನೀರಿನಲ್ಲಿ ಚೆನ್ನಾಗಿ ಸ್ನಾನ ಮಾಡಿ, ಇಸ್ತ್ರಿ ಹಾಕಿ ತೊಟ್ಟು, ಬೀರೂರಿನಲ್ಲಿ ರೈಲು ಹತ್ತುತ್ತಾನೆ. ಮೈ ಶುಚಿಯಾಗಿದೆ, ಅಂಗಿ ಕಣ್ಣಿಗೆ ಶುಭ್ರವಾಗಿದೆ. ಆದರೆ ಕಂಕುಳಿನ ಹೊಲಿಗೆಯಲ್ಲಿ ಹಳೆಯ ಜಿಡ್ಡು ಉಳಿದಿದೆ, ನಿಧಾನವಾಗಿ ಒಣಗಿದ ಆ ಹತ್ತು ಹನ್ನೆರಡು ಗಂಟೆಗಳಲ್ಲಿ ಸೂಕ್ಷ್ಮಜೀವಿಗಳು ಮತ್ತೆ ಹೆಚ್ಚಿವೆ. ಮೈಯ ಶಾಖ, ಮೊದಲ ಬೆವರು ತಾಗುತ್ತಲೇ ನಾತ ಎದ್ದುಬರುತ್ತದೆ. ಅಷ್ಟರಲ್ಲಿ ಅವನ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಬಿಡದೆ ಬರುತ್ತಿರುವ ವಾಸನೆಯನ್ನು ಮೂಗು ಸ್ವಲ್ಪ ಹೊತ್ತಿನಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ, ತನ್ನ ಮೈಯದಂತೂ ಇನ್ನೂ ಬೇಗ. ಸಂದರ್ಶಕರ ಮೇಜಿನ ಮುಂದೆ ಕೂತಾಗ ಆ ಕೋಣೆಯಲ್ಲಿ ಇದು ತಿಳಿಯದ ಒಬ್ಬನೇ ವ್ಯಕ್ತಿ ಅವನು. ದಾರಿಯಲ್ಲಿ ಬಾಡಿ ಸ್ಪ್ರೇ ಹೊಡೆದುಕೊಂಡಿದ್ದರೆ ಉಪಯೋಗವಾಗುತ್ತಿತ್ತೇ? ನಾತದ ಮೇಲೆ ಪರಿಮಳ ಬಿದ್ದರೆ ಎರಡೂ ಕೂಡಿ ಮೂರನೆಯದೊಂದು ಆಗುತ್ತದೆ. ಪರಿಮಳವೇ ತಿರುಗುಬಾಣ ಆಗುವುದೂ ಉಂಟು. ರಾಬರ್ಟ್ ಬ್ಯಾರನ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ನಡೆಸಿದ ಪ್ರಯೋಗದಲ್ಲಿ ಸೆಂಟು ಹಾಕಿಕೊಂಡು ಬಂದ ಅಭ್ಯರ್ಥಿಗಳಿಗೆ ಹೆಂಗಸರು ಹೆಚ್ಚು ಅಂಕ ಕೊಟ್ಟರೆ ಗಂಡಸರು ಕಡಿಮೆ ಕೊಟ್ಟರು.

ಅವನಿಗೆ ಬೇಕಾಗಿದ್ದದ್ದು ದುಬಾರಿ ವಸ್ತುವಲ್ಲ, ಒಂದಿಷ್ಟು ತಿಳಿವಳಿಕೆ. ಒಗೆದು ಒಣಗಿದ ಅಂಗಿಯ ಕಂಕುಳಿನ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಹಬೆಯನ್ನು ಮೂಸಬೇಕು. ಕಮಟು ಬಂದರೆ ಆ ಅಂಗಿ ಶುಚಿಯಾಗಿಲ್ಲ, ನೋಡಲು ಎಷ್ಟೇ ಬೆಳ್ಳಗಿರಲಿ. ಅಂಥದ್ದನ್ನು ಒಳಮೈ ಹೊರಗೆ ಮಾಡಿ, ಒಂದು ಬಕೆಟ್ ಬಿಸಿನೀರಿಗೆ ಎರಡು ಮೂರು ಚಮಚ ವಾಷಿಂಗ್ ಸೋಡಾ ಕರಗಿಸಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪು ಹಾಕಬೇಕು. ಸೋಡಾ ಗಡಸು ಲವಣಗಳನ್ನು ಮೊದಲೇ ಕೆಳಗಿಳಿಸುವುದರಿಂದ ಸೋಪು ತನ್ನ ಕೆಲಸ ಮಾಡುತ್ತದೆ. ರೇಷ್ಮೆಗೂ ಉಣ್ಣೆಗೂ ಮಾತ್ರ ಸೋಡಾ ಆಗದು, ಅವುಗಳಿಗೆ ಅಂಟುವಾಳವೇ ಸರಿ. ಅದರ ನೊರೆ ಗಡಸು ನೀರಿನಲ್ಲೂ ಕಿಟ್ಟ ಕಟ್ಟುವುದಿಲ್ಲ. ಅಂಗಿಯ ಒಳಗೆ ಹತ್ತಿಯ ಬನಿಯನ್ ಇದ್ದರೆ ಬೆವರು ಪಾಲಿಯೆಸ್ಟರನ್ನು ತಾಗುವುದು ಕಡಿಮೆ. ಅಂಗಡಿಯಲ್ಲಿ ಸಿಗುವ ಡಿಯೋಡರೆಂಟ್ ಸೂಕ್ಷ್ಮಜೀವಿಗಳನ್ನು ತಗ್ಗಿಸಿ ಪರಿಮಳ ಕೊಡುತ್ತದಷ್ಟೇ. ಬೆವರನ್ನೇ ಕಡಿಮೆ ಮಾಡಬೇಕಾದರೆ ಅಲ್ಯುಮಿನಿಯಂ ಲವಣ ಇರುವ, ಬೆವರು ತಡೆಯುವ ಬಗೆಯದು ಬೇಕು. ಅದನ್ನು ಬೆಳಿಗ್ಗೆ ಹಚ್ಚುವುದಕ್ಕಿಂತ ರಾತ್ರಿ ಮಲಗುವಾಗ ಒಣ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಫಲ. ಕ್ಷೌರದ ನಂತರ ಉಜ್ಜುವ ಪಟಿಕವೂ ಅಲ್ಯುಮಿನಿಯಂ ಲವಣವೇ, ಶಕ್ತಿ ಕಡಿಮೆ.

ಸೋಡಾ ಮತ್ತು ಶಾಖದ ಈ ಗುಟ್ಟು ಈ ನಾಡಿಗೆ ಹೊಸದಲ್ಲ. ಮಡಿವಾಳರು ಬಟ್ಟೆಗಳನ್ನು ಚೌಳುಮಣ್ಣು ಕಲಸಿದ ನೀರಿನಲ್ಲಿ ಅದ್ದಿ, ಬಾನಿಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಉರಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಅದಕ್ಕೆ ಉಬ್ಬೆ ಹಾಕುವುದು ಎಂದು ಹೆಸರು. ಚೌಳುಮಣ್ಣಿನಲ್ಲಿ ಇರುವುದು ಸೋಡಾದಂಥ ಕ್ಷಾರವೇ, ಅದು ಜಿಡ್ಡನ್ನು ಬಿಡಿಸುತ್ತಿತ್ತು. ಹಬೆ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಿತ್ತು, ಕಲ್ಲಿನ ಮೇಲಿನ ಬಿಸಿಲು ಉಳಿದದ್ದನ್ನು ಮುಗಿಸುತ್ತಿತ್ತು. ತಣ್ಣೀರಿನಲ್ಲಿ ಹತ್ತು ನಿಮಿಷ ತಿರುಗಿಸುವ ಇಂದಿನ ವಾಷಿಂಗ್ ಮೆಷಿನ್ನಿಗಿಂತ ಅದು ನಾತ ತೆಗೆಯುವುದರಲ್ಲಿ ಎಷ್ಟೋ ಮೇಲು. ಹೀಗೆ ಊರಿನವರೆಲ್ಲರ ಮೈನಾತವನ್ನು ತೆಗೆದುಕೊಟ್ಟವರನ್ನೇ ಊರು ಕೀಳೆಂದು ಎಣಿಸಿ ದೂರ ನಿಲ್ಲಿಸಿತು. ಶುಚಿಯಾಗಿದ್ದವರಿಗೆ ಮರ್ಯಾದೆ ಎಂಬುದು ನಿಜವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇಲ್ಲಿಂದ ವಾದದ ಕಷ್ಟದ ಭಾಗ ಶುರುವಾಗುತ್ತದೆ. ಮೂಗು ಮೊದಲು ವಾಸನೆಯನ್ನು ಹಿಡಿಯುತ್ತದೆ, ಆಮೇಲೆ ಮನಸ್ಸು ವ್ಯಕ್ತಿಯನ್ನು ಅಳೆಯುತ್ತದೆ ಎಂದು ನಾವು ಭಾವಿಸುತ್ತೇವೆ. ಪ್ರಯೋಗಗಳು ಇದರ ತಿರುವುಮುರುವನ್ನೂ ತೋರಿಸಿವೆ. 2005ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಒಂದೇ ರಾಸಾಯನಿಕವನ್ನು ಜನರಿಗೆ ಮೂಸಲು ಕೊಟ್ಟು, ಕೆಲವೊಮ್ಮೆ ಚೆಡ್ಡರ್ ಚೀಸ್ ಎಂಬ ಹೆಸರನ್ನೂ ಕೆಲವೊಮ್ಮೆ ಮೈನಾತ ಎಂಬ ಹೆಸರನ್ನೂ ತೋರಿಸಿದರು. ಚೀಸ್ ಎಂದಾಗ ಅದೇ ವಾಸನೆ ಹಿತವೆನಿಸಿತು. 2016ರಲ್ಲಿ ಮನಶ್ಶಾಸ್ತ್ರಜ್ಞ ಸ್ಟೀಫನ್ ರೈಕರ್ ಮತ್ತು ಸಂಗಡಿಗರು ಬ್ರಿಟನ್ನಿನ ವಿದ್ಯಾರ್ಥಿಗಳಿಗೆ ಬೆವರಿನ ಅಂಗಿ ಮೂಸಲು ಕೊಟ್ಟರು. ಅಂಗಿಯ ಮೇಲೆ ಒಮ್ಮೆ ತಮ್ಮ ವಿಶ್ವವಿದ್ಯಾಲಯದ ಲಾಂಛನ, ಒಮ್ಮೆ ನೆರೆಯ ವಿಶ್ವವಿದ್ಯಾಲಯದ್ದು. ನಮ್ಮವರದು ಎಂದಾಗ ಅಸಹ್ಯ ಕಡಿಮೆಯಾಯಿತು, ಕೈ ತೊಳೆಯಲು ಹೋಗುವ ಅವಸರವೂ ಕಡಿಮೆಯಾಯಿತು. ತನ್ನ ಮಗುವಿನ ಒದ್ದೆ ಬಟ್ಟೆಗೆ ಹೇಸದ ತಾಯಿ ಪಕ್ಕದ ಮನೆಯ ಮಗುವಿನದಕ್ಕೆ ಹೇಸುವುದು ಇದೇ ಬಗೆ.

ಕಡೂರು, ಅಜ್ಜಂಪುರದ ಕಡೆಯವರಿಗೆ ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಕರಿ ಕಂಬಳಿಯನ್ನು ಗದ್ದುಗೆಯಾಗಿ ಹಾಸಿದಾಗ ಅದರ ಮುಂದೆ ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ. ಅದೇ ಕಂಬಳಿ ಕುರಿಗಾಹಿಯ ಹೆಗಲ ಮೇಲೆ ಬಸ್ಸು ಹತ್ತಿದರೆ ಕುರಿನಾತ ಎಂದು ಮುಖ ತಿರುಗಿಸುತ್ತಾರೆ. ಎರಡು ಕಡೆಯೂ ಇರುವುದು ಉಣ್ಣೆಯ ಮೇಣದ ವಾಸನೆಯೇ. ಉಣ್ಣೆ ಮನುಷ್ಯನ ಬೆವರಿನ ನಾತವನ್ನು ಹೀರಿಟ್ಟುಕೊಂಡು ಹೊರಗೆ ಬಿಡುವುದು ಬಹಳ ಕಡಿಮೆ. ಈ ವಿಷಯದಲ್ಲಿ ಹತ್ತಿಗಿಂತಲೂ ಪಾಲಿಯೆಸ್ಟರಿಗಿಂತಲೂ ಅದು ಮೇಲು ಎಂದು ನ್ಯೂಜಿಲೆಂಡಿನಲ್ಲಿ 2007ರಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ಬಾರದ ಬೆವರುನಾತವನ್ನು ಕುರಿಗಾಹಿಯ ತಲೆಗೆ ಕಟ್ಟುವುದು ಮೂಗಲ್ಲ, ಅವನ ಬಗ್ಗೆ ಮೊದಲೇ ಇರುವ ಭಾವನೆ. ಗಡ್ಡದ ಮಾತೂ ಹಾಗೆಯೇ. ಡಿಸೆಂಬರಿನಲ್ಲಿ ಅಯ್ಯಪ್ಪ ಮಾಲೆ ಹಾಕಿದವನ ಬೆಳೆದ ಗಡ್ಡ ವ್ರತದ ಗುರುತು, ಮಾಲೆ ತೆಗೆದ ಮೇಲೆ ಅಷ್ಟೇ ಉದ್ದದ ಗಡ್ಡ ಉಡಾಫೆಯ ಗುರುತು. ಸಮುದ್ರದಾಚೆ ಹೋದ ನಮ್ಮವರು ಈ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂರುತ್ತಾರೆ. 2017ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ನೂರಾರು ಬಾಡಿಗೆ ಮನೆಗಳಿದ್ದ ಮಾಲೀಕನೊಬ್ಬ, ಮಸಾಲೆಯ ವಾಸನೆ ಮನೆಗೆ ಅಂಟುತ್ತದೆಂಬ ಕಾರಣ ಕೊಟ್ಟು ಭಾರತ, ಪಾಕಿಸ್ತಾನದ ಮೂಲದವರಿಗೆ ಮನೆ ಕೊಡಕೂಡದೆಂದು ತನ್ನ ಏಜೆಂಟರಿಗೆ ತಾಕೀತು ಮಾಡಿದ. ನ್ಯಾಯಾಲಯ ಅದನ್ನು ಕಾನೂನುಬಾಹಿರವೆಂದು ತಡೆಯಿತು. ಒಗ್ಗರಣೆಯ ಘಮವನ್ನು ಮನೆತನದ ಹೆಮ್ಮೆಯೆಂದು ತಿಳಿದವರಿಗೆ ಅದು ಆಘಾತ. ಕಸ ಎತ್ತುವವರು, ಚರಂಡಿ ಕೆಲಸದವರು, ಚರ್ಮದ ಕೆಲಸದವರು ಇದೇ ಆಘಾತವನ್ನು ನಮ್ಮ ಊರುಗಳಲ್ಲಿ, ನಮ್ಮ ಕೈಯಿಂದ, ತಲೆಮಾರುಗಳಿಂದ ಉಂಡಿದ್ದಾರೆ. ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು ಬಂದ ಮೇಲೂ ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ ಇಡುತ್ತಿದ್ದದ್ದು ಮೂಗಿಗೆ ಏನೂ ತಗುಲಿದ್ದಕ್ಕಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹೇಸಿಗೆ ಎಂಬುದು ಬರಿಯ ಪೂರ್ವಗ್ರಹವಲ್ಲ, ರೋಗದಿಂದ ಕಾಪಾಡಲು ಪ್ರಕೃತಿ ಕೊಟ್ಟ ಎಚ್ಚರಿಕೆ, ಅದನ್ನು ಕಡೆಗಣಿಸಬಾರದು ಎಂಬುದು. ಈ ಮಾತಿನಲ್ಲಿ ಸತ್ಯವಿದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ 2014ರಲ್ಲಿ ಆರೋಗ್ಯವಂತರಿಗೆ ಬ್ಯಾಕ್ಟೀರಿಯಾದ ಅಂಶವೊಂದನ್ನು ಚುಚ್ಚಿದಾಗ ಕೆಲವೇ ಗಂಟೆಗಳಲ್ಲಿ ಅವರ ಅಂಗಿಯ ವಾಸನೆ ಮೂಸಿದವರಿಗೆ ಹೆಚ್ಚು ಅಹಿತವೆನಿಸಿತು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಉಳಿದ ವೈದ್ಯರ ಕೈ ತೊಳೆಯಲು ಕ್ಲೋರಿನ್ ಸುಣ್ಣದ ನೀರನ್ನೇ ಆರಿಸಿದ್ದು ಶವಪರೀಕ್ಷೆಯ ವಾಸನೆಯನ್ನು ಅದು ತೆಗೆಯುತ್ತಿತ್ತೆಂಬ ಕಾರಣಕ್ಕೆ. ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ಮೂಗು ಅಲ್ಲಿ ಜೀವ ಉಳಿಸಿತು, ನಿಜ. ಆದರೆ ಅದು ಹೇಳಿದ್ದು ಕೈ ತೊಳೆಯಿರಿ ಎಂದು. ಈ ವೈದ್ಯ ಅಪ್ರಾಮಾಣಿಕ, ಈತ ದಡ್ಡ ಎಂದಲ್ಲ. ಕಂಕುಳಿನ ಕಮಟು ಯಾರಿಗೂ ರೋಗ ಹರಡುವುದಿಲ್ಲ. ವಾಂತಿಭೇದಿ ಹರಡುವ ಕೈಗೆ ಹಲವು ಬಾರಿ ಯಾವ ವಾಸನೆಯೂ ಇರುವುದಿಲ್ಲ. ಅಡುಗೆಯವರ, ನರ್ಸುಗಳ ಉಗುರು ಮತ್ತು ಕೈಯನ್ನು ಪರೀಕ್ಷಿಸುವುದು ನ್ಯಾಯ, ಅವರ ಬೆವರನ್ನು ಮೂಸಿ ಯೋಗ್ಯತೆ ಅಳೆಯುವುದು ನ್ಯಾಯವಲ್ಲ. ನಮ್ಮ ಮಡಿಯ ಪದ್ಧತಿಯೂ ಈ ಗೊಂದಲವನ್ನು ಬಗೆಹರಿಸಲಿಲ್ಲ. ವರ್ಷಗಟ್ಟಲೆ ಒಗೆಯದ ಪಟ್ಟೆಮಡಿ ಶುದ್ಧ, ಆಗ ತಾನೇ ಒಗೆದು ಒಣಹಾಕಿದ ಹತ್ತಿ ಬಟ್ಟೆಯನ್ನು ಹೊರಗಿನವರು ಮುಟ್ಟಿದರೆ ಮೈಲಿಗೆ. ಅಲ್ಲಿ ಶುಚಿತ್ವದ ಮಾತಿದೆ, ಶುಚಿತ್ವದ ಲೆಕ್ಕವಿಲ್ಲ.

ಇನ್ನೊಂದು ಆಕ್ಷೇಪ ಇನ್ನೂ ಹತ್ತಿರದ್ದು. ಎಷ್ಟು ಬಡತನವಿದ್ದರೂ ಶುಚಿಯಾಗಿರುವವರು ಇದ್ದಾರೆ, ಇಲ್ಲದವರು ಮನಸ್ಸು ಮಾಡಿಲ್ಲ ಅಷ್ಟೇ ಎನ್ನುತ್ತಾರೆ. ಒಂದೇ ಕೊಡ ನೀರಿನಲ್ಲಿ ಮೈ ತೊಳೆದು, ಒಂದೇ ಸೀರೆಯನ್ನು ಅರ್ಧ ಉಟ್ಟು ಅರ್ಧ ಒಗೆದು ಒಣಗಿಸಿ ಮರ್ಯಾದೆಯಿಂದ ಬಾಳಿದ ಹೆಂಗಸರು ಈ ಸೀಮೆಯಲ್ಲಿ ನಿಜವಾಗಿ ಇದ್ದರು. ಅವರಿಗೆ ಕೈ ಮುಗಿಯಬೇಕು. ಆದರೆ ಕೆಲವರ ಸಾಹಸವನ್ನು ಎಲ್ಲರಿಗೂ ಅಳತೆಗೋಲು ಮಾಡುವುದು ತಪ್ಪು. ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕೆಂದು ಗುರಿ ಇಟ್ಟಿದೆ. ಅದರಲ್ಲೇ ಕುಡಿಯುವುದು, ಅಡುಗೆ, ಪಾತ್ರೆ, ಶೌಚ ಎಲ್ಲ ಮುಗಿದು ಸ್ನಾನಕ್ಕೆ ಒಂದು ಬಕೆಟ್, ಬಟ್ಟೆಗೆ ಇನ್ನರ್ಧ ಉಳಿದರೆ ಹೆಚ್ಚು. ನಲ್ಲಿ ಮೂರು ದಿನಕ್ಕೊಮ್ಮೆ ಬರುವ ಬೇಸಿಗೆಯಲ್ಲಿ ಮೊದಲು ಕಡಿಮೆಯಾಗುವುದು ಬಟ್ಟೆ ಜಾಲಿಸುವ ನೀರು. ಜಾಲಿಸದ ಬಟ್ಟೆಯ ಕಥೆಯನ್ನು ಮೇಲೆ ನೋಡಿದ್ದೇವೆ. ಹಲ್ಲಿನ ವಿಷಯವೂ ಇದಕ್ಕೆ ಸೇರಿದ್ದು. ಬಯಲು ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಲ್ಲಿ ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಎಷ್ಟು ತಿಕ್ಕಿದರೂ ಹೋಗದ ಆ ಕಲೆಯನ್ನು ಕಂಡವರು ಹಲ್ಲುಜ್ಜದವನು ಎಂದೋ ಗುಟ್ಕಾ ಹಾಕುವವನು ಎಂದೋ ತೀರ್ಮಾನಿಸುತ್ತಾರೆ. ಕುಡಿದ ನೀರನ್ನೇ ಅಪರಾಧವಾಗಿ ಓದುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗದು.

ಹಾಗಾದರೆ ಸುಮ್ಮನಿದ್ದುಬಿಡುವುದು ಕರುಣೆಯೇ? ಅಲ್ಲ. ಸುಮ್ಮನಿರುವುದರಿಂದಲೇ ತೀರ್ಪು ತಿದ್ದಲಾಗದಂತೆ ಗಟ್ಟಿಯಾಗುತ್ತದೆ. ಅದು ಇನ್ನೊಂದು ಬಗೆಯ ನೋವನ್ನೂ ಬೆಳೆಸುತ್ತದೆ. ಯಾರೂ ಹೇಳುವುದಿಲ್ಲ ಎಂದು ಗೊತ್ತಿರುವುದರಿಂದಲೇ, ಮೈಯಲ್ಲಿ ಏನೂ ನಾತವಿಲ್ಲದಿದ್ದರೂ ತಾನು ನಾರುತ್ತೇನೆಂದು ನಂಬಿ, ಯಾರಾದರೂ ಮೂಗು ಒರೆಸಿಕೊಂಡರೂ ತನ್ನಿಂದಲೇ ಎಂದು ಕುಗ್ಗಿ, ದಿನಕ್ಕೆ ನಾಲ್ಕು ಸಲ ಮೀಯುವವರಿದ್ದಾರೆ. ವೈದ್ಯರು ಇದನ್ನು ಮನಸ್ಸಿನ ಕಾಯಿಲೆಯಾಗಿ ಗುರುತಿಸಿ ಚಿಕಿತ್ಸೆ ಕೊಡುತ್ತಾರೆ. ಎಷ್ಟು ಶುಚಿಯಾಗಿದ್ದರೂ ಮೀನಿನಂಥ ವಾಸನೆ ಬಿಡದ ಟ್ರೈಮಿಥೈಲಮಿನ್ಯೂರಿಯಾ ಎಂಬ ಅಪರೂಪದ ಹುಟ್ಟುರೋಗವೂ ಇದೆ, ಅದಕ್ಕೆ ಸೋಪು ಮದ್ದಲ್ಲ, ಆಹಾರದ ಪಥ್ಯ ಬೇಕು. ಇದ್ದಕ್ಕಿದ್ದಂತೆ ವಾಸನೆ ಬದಲಾದರೆ, ಬಾಯಿಂದ ಹಣ್ಣಿನಂಥ ಸಿಹಿ ವಾಸನೆ ಬಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ತಡಮಾಡಬಾರದು. ಇವೆಲ್ಲ ಬೆಳಕಿಗೆ ಬರುವುದು ಯಾರಾದರೂ ಬಾಯಿಬಿಟ್ಟಾಗ ಮಾತ್ರ.

ಹೇಳುವುದಕ್ಕೂ ಒಂದು ಕ್ರಮವಿದೆ. ಹತ್ತು ಜನರ ನಡುವೆ ಅಲ್ಲ, ಒಬ್ಬರೇ ಇದ್ದಾಗ. ವ್ಯಕ್ತಿಯ ಬಗ್ಗೆ ಅಲ್ಲ, ಬಟ್ಟೆಯ ಬಗ್ಗೆ. ಹಾಸ್ಟೆಲಿನಲ್ಲಿ ಹಿರಿಯ ಹುಡುಗ ಕಿರಿಯವನಿಗೆ "ನಿನ್ ಅಂಗಿ ಮಳೇಲಿ ಸರಿಯಾಗಿ ಒಣಗಿಲ್ಲ ಕಣೋ, ಇವತ್ತು ನಂದು ಹಾಕ್ಕೊ, ಅದುನ್ನ ಸೋಡಾ ನೀರಲ್ಲಿ ನೆನೆಸಿಡು" ಎಂದರೆ ಅದರಲ್ಲಿ ಕಾರಣವೂ ಇದೆ, ಉಪಾಯವೂ ಇದೆ, ಅವಮಾನವಿಲ್ಲ. ಹುಡುಗಿಯರಿಗಾದರೆ ಅಕ್ಕನೋ ಚಿಕ್ಕಮ್ಮನೋ ಹೇಳಿದರೆ ಸರಿ, ಮುಟ್ಟಿನ ಬಟ್ಟೆಯನ್ನು ನೆರಳಲ್ಲಿ ಮುಚ್ಚಿಡದೆ ಬಿಸಿಲಿಗೆ ಹರವಬೇಕೆಂಬುದನ್ನೂ ಅದೇ ಬಾಯಲ್ಲಿ ಹೇಳಬಹುದು. ಸಂದರ್ಶನ ಮಾಡುವವರು, ಮೇಷ್ಟ್ರುಗಳು, ಹಾಸ್ಟೆಲಿನ ವಾರ್ಡನ್ನುಗಳು ಮಾಡಬೇಕಾದ್ದು ಬೇರೆ. ಮೂಗು ಮುರಿಯುವಂತಾದಾಗ ಕೆಲಸಕ್ಕೆ ಸಂಬಂಧಪಟ್ಟ ಪ್ರಶ್ನೆಗಳ ಅಂಕವನ್ನು ಮೊದಲು ಬರೆದಿಟ್ಟು, ಒಟ್ಟಾರೆ ಅಭಿಪ್ರಾಯವನ್ನು ಆಮೇಲೆ ಬರೆಯುವುದು. ಹಾಸ್ಟೆಲಿನಲ್ಲಿ ತರಗತಿಗೊಂದು ಶುಚಿತ್ವದ ಭಾಷಣ ಇಡುವ ಮುಂಚೆ ಸ್ನಾನದ ಮನೆಯ ನಲ್ಲಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ನೀರು ಬರುತ್ತಿದೆಯೇ, ಬಟ್ಟೆ ಹರವಲು ಬಿಸಿಲು ಬೀಳುವ ಜಾಗದಲ್ಲಿ ತಂತಿ ಕಟ್ಟಿದೆಯೇ ಎಂದು ಹೋಗಿ ನೋಡಿಬರುವುದು.